ಘಜಾಲಿಯೋ ಇಬ್ನ್ ರುಶ್ದೋ: ಮೊದಲು ಯಾರನ್ನು ಓದಬೇಕು?

ತರ್ಕ ಮತ್ತು ದೈವವಾಣಿಯ ಜಟಾಪಟಿ ಅರ್ಥವಾಗಬೇಕಾದರೆ ಇಸ್ಲಾಂ ಧರ್ಮಶಾಸ್ತ್ರಜ್ಞ ಘಜಾಲಿಯಿಂದ ಶುರುಮಾಡಿ. ‘ತತ್ವಜ್ಞಾನಿಗಳ ಅಸಂಗತತೆ’ ಎಂಬ ಅರ್ಥದ ಅವರ 1095ರ ಕೃತಿ ‘ತಹಾಫುತ್ ಅಲ್-ಫಲಾಸಿಫಾ’ದಲ್ಲಿ 20 ಚರ್ಚೆಗಳಿವೆ. ಅವರು ತರ್ಕವನ್ನೇ ತಳ್ಳಿಹಾಕುತ್ತಾರೆ ಎಂದುಕೊಂಡರೆ ದಾರಿ ತಪ್ಪುತ್ತೀರಿ. ತತ್ವಜ್ಞಾನಿಗಳು ಸಾಬೀತಾಗಿದೆ ಎನ್ನುವ ಮಾತು ಅವರದೇ ತರ್ಕದ ಒರೆಗಲ್ಲಿಗೆ ನಿಲ್ಲದು ಎಂಬುದೇ ವಾದ. 17ನೇ ಚರ್ಚೆ ನೋಡಿ: ಬೆಂಕಿ ತಗುಲಿದಾಗ ಹತ್ತಿ ಸುಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಬೆಂಕಿಯಿಂದಲೇ ಸುಟ್ಟಿತು ಎಂಬುದು ಕಾಣುವುದಿಲ್ಲ. ಹಾಗಾಗಿ ಪವಾಡಕ್ಕೆ ಜಾಗ ಉಳಿಯುತ್ತದೆ.

ಕಾರಣವನ್ನು ಅಲ್ಲಗಳೆದರೆ ಜ್ಞಾನವನ್ನೇ ಅಲ್ಲಗಳೆದಂತೆ ಎಂಬುದು ಮುಂದಿನ ಶತಮಾನದ ತತ್ವಜ್ಞಾನಿ ಇಬ್ನ್ ರುಶ್ದ್ ಉತ್ತರ. ಅವರ ‘ಫಸ್ಲ್ ಅಲ್-ಮಕಾಲ್’ ಚಿಕ್ಕದು, ಆದರೆ ಬಿಗಿ. ಕುರಾನಿನ 3:7ರಲ್ಲಿ ಗೂಢ ವಚನಗಳ ಅರ್ಥ ಬಲ್ಲವನು ‘ದೇವರು’ ಎಂದಾದ ಮೇಲೆ ಓದು ನಿಲ್ಲಿಸಿದರೆ ವ್ಯಾಖ್ಯಾನದ ಬಾಗಿಲು ಮುಚ್ಚುತ್ತದೆ. ಅವರು ನಿಲ್ಲಿಸದೆ ‘ಜ್ಞಾನದಲ್ಲಿ ಬೇರೂರಿದವರೂ’ ಎಂದು ಮುಂದುವರಿಸಿ ಓದುತ್ತಾರೆ. ಸತ್ಯ ಸತ್ಯಕ್ಕೆ ಎದುರಾಗದು. ಸಾಬೀತಾದದ್ದಕ್ಕೆ ವಚನದ ಹೊರ ಅರ್ಥ ಹೊಂದದಿದ್ದರೆ ಒಳ ಅರ್ಥ ಹುಡುಕಬೇಕು. ತೊಡಕೂ ಇಲ್ಲೇ: ಆ ಒಳ ಅರ್ಥವನ್ನು ಜನಸಾಮಾನ್ಯರಿಗೆ ಹೇಳಬಾರದು ಎನ್ನುತ್ತಾರೆ. ನನಗೆ ಇದು ಅವರ ದುರ್ಬಲ ಜಾಗ.

ಪುಟ ಕಡಿಮೆಯೆಂದು ‘ಫಸ್ಲ್’ ಅನ್ನೇ ಮೊದಲು ಹಿಡಿಯಬೇಡಿ. ಜಗತ್ತಿನ ಅನಾದಿತ್ವ, ಬಿಡಿ ಸಂಗತಿಗಳ ಕುರಿತ ದೇವರ ಅರಿವು, ದೇಹದ ಪುನರುತ್ಥಾನ, ಈ ಮೂರರಲ್ಲಿ ಘಜಾಲಿ ಹೊರಿಸಿದ ಧರ್ಮದ್ರೋಹದ ಆರೋಪಕ್ಕೇ ಇದು ಉತ್ತರ ಕೊಡುತ್ತದೆ.