ಎಸ್ಸೆಸ್ಸೆಲ್ಸಿ ಫಲಿತಾಂಶದ ಮುಖಪುಟ: ಟಾಪರ್ ಫೋಟೋ ಮೊದಲೋ, ಮುಂದಿನ ದಾರಿ ಮೊದಲೋ?

‘625ಕ್ಕೆ 625’ ಎಂಬ ಶೀರ್ಷಿಕೆ, ಸಿಹಿ ತಿನ್ನಿಸುತ್ತಿರುವ ಫೋಟೋ. ಸುದ್ದಿಮನೆಗೆ ಇದು ಸುಲಭ: ಶಾಲೆಯವರೇ ಫೋಟೋ ಕಳಿಸುತ್ತಾರೆ, ಅರ್ಧ ಗಂಟೆಯಲ್ಲಿ ಪುಟ ಸಿದ್ಧ. ಆದರೆ ‘ದಿನಕ್ಕೆ 14 ಗಂಟೆ ಓದಿದೆ’ ಎಂಬ ಸಾಲು ಸಂಜೆಯೊಳಗೆ ಬೇರೆ ಮನೆಗಳಲ್ಲಿ ಬೈಗುಳವಾಗುತ್ತದೆ.

ಮುಂದಿನ ದಾರಿಯನ್ನೇ ಮುಖ್ಯ ಸುದ್ದಿ ಮಾಡಲು ಹಿಂದಿನ ದಿನವೇ ತಯಾರಿ ಬೇಕು. ಗಣಿತದಲ್ಲಿ ಮಾತ್ರ ಅನುತ್ತೀರ್ಣಳಾದ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳಿಗೆ ಬೇಕಾದದ್ದು ಪರೀಕ್ಷೆ-2ರ ನೋಂದಣಿಯ ಕೊನೆ ದಿನ, ಶುಲ್ಕ, ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯುವ ಕ್ರಮ. ಸ್ಕ್ಯಾನ್ ಪ್ರತಿ ಪಡೆದ ಮೇಲೆಯೇ ಮರುಮೌಲ್ಯಮಾಪನ. ಈ ಅನುಕ್ರಮ ಬರೆಯದಿದ್ದರೆ ಗಡುವು ತಪ್ಪುತ್ತದೆ. ದಿನಾಂಕಗಳನ್ನು ಮಂಡಳಿಯ ಸುತ್ತೋಲೆಯಿಂದಲೇ ತೆಗೆದುಕೊಳ್ಳಿ. ಹೋದ ವರ್ಷದ ಪುಟದಿಂದ ನಕಲು ಮಾಡಿದಾಗಲೇ ಹೆಚ್ಚು ತಪ್ಪುಗಳಾಗುವುದು.

ಓದುಗರು ಟಾಪರ್‌ಗಳನ್ನು ಹುಡುಕುತ್ತಾರೆ, ನಿಜ. ಅವರ ಸಾಧನೆ ಮುಚ್ಚಿಡಬೇಕಿಲ್ಲ. ಒಳಪುಟದಲ್ಲಿ, ಸಣ್ಣ ಫೋಟೋದೊಂದಿಗೆ ಕೊಡಿ. ‘ಎಷ್ಟು ಗಂಟೆ ಓದಿದೆ?’ ಬದಲು ‘ಯಾವ ಪಾಠ ಕಷ್ಟವಾಯಿತು, ಯಾರನ್ನು ಕೇಳಿದೆ?’ ಎಂದು ಕೇಳಿ. ಆ ಉತ್ತರ ಇನ್ನೊಬ್ಬ ವಿದ್ಯಾರ್ಥಿಗೆ ಉಪಯೋಗಕ್ಕೆ ಬರುತ್ತದೆ. ಸಿಬಿಎಸ್‌ಇ ತಾನೇ ಮೆರಿಟ್ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿದೆ.

ಜಿಲ್ಲಾ ಆವೃತ್ತಿಗೆ ನಮ್ಮ ಆಯ್ಕೆ ಎರಡನೆಯದೇ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಪುಟದ ಮೂಲೆಯಲ್ಲಲ್ಲ, ನೋಂದಣಿ ದಿನಾಂಕದ ಪಕ್ಕದಲ್ಲೇ ಇರಲಿ.