ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆ: ಜೋಡಿಸಿ ಇಡೋದಾ, ಬಿಡಿಸಿ ಇಡೋದಾ?

ನನ್ನ ಮಟ್ಟಿಗೆ ಬಿಡಿಸಿ ಇಡುವುದೇ ಸರಿ. ನಾವು ಸಾಗರದ ಕಡೆಯವರು. ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು, ಜೇನುತುಪ್ಪ ಮಾರುತ್ತೇವೆ. ಆರ್ಡರ್ ಬರುವುದೆಲ್ಲ ಇನ್‌ಸ್ಟಾಗ್ರಾಂ ಮೆಸೇಜಿಗೆ. ಫೇಸ್‌ಬುಕ್ ಇರುವುದು ನೆಂಟರಿಷ್ಟರಿಗೆ, ಅಡಿಕೆ ಬೆಳೆಗಾರರ ಗುಂಪುಗಳಿಗೆ. ಎರಡನ್ನೂ ಬಹಳ ಕಾಲ ಜೋಡಿಸಿಯೇ ಇಟ್ಟಿದ್ದೆ, ಕಳೆದ ಮಳೆಗಾಲದಲ್ಲಿ ಬಿಡಿಸಿದೆ. ಅತ್ತಿಗೆಯದು ಆಗ ಇನ್ನೂ ಜೋಡಿಯಾಗೇ ಇತ್ತು. ಹಾಗಾಗಿ ಎರಡೂ ರೀತಿ ಹೇಗಿರುತ್ತೆ ಅಂತ ಒಂದೇ ಮಳೆಗಾಲದಲ್ಲಿ ನೋಡಿದಂತಾಯಿತು.

ಎರಡೂ ಆ್ಯಪ್ ಮೆಟಾ ಕಂಪನಿಯವು. ಜೋಡಣೆ ಇರುವುದು ಅಕೌಂಟ್ಸ್ ಸೆಂಟರ್ ಅನ್ನುವ ಜಾಗದಲ್ಲಿ. 2020ರಲ್ಲಿ ಬಂದದ್ದು. ಯಾವ ಆ್ಯಪಿನ ಸೆಟ್ಟಿಂಗ್ಸ್‌ನಿಂದ ಹೋದರೂ ಅದೇ ಜಾಗಕ್ಕೆ ಹೋಗುತ್ತೇವೆ. ಅಲ್ಲಿ ಮೂರು ರೀತಿ ಇರಬಹುದು. ಒಂದು, ಎರಡು ಖಾತೆಯೂ ಒಂದೇ ಸೆಂಟರ್‌ನಲ್ಲಿದ್ದು, ಒಂದರಿಂದ ಇನ್ನೊಂದಕ್ಕೆ ಲಾಗಿನ್ ಆಗಬಹುದು. ಎರಡು, ಒಂದೇ ಸೆಂಟರ್‌ನಲ್ಲಿದ್ದರೂ ಆ ಲಾಗಿನ್ ಸೌಲಭ್ಯ ಮಾತ್ರ ಆಫ್. ಮೂರು, ಪೂರ್ತಿ ಬೇರೆ ಬೇರೆ.

ಜೋಡಿಸಿ ಇಟ್ಟರೆ ದಿನನಿತ್ಯದ ಆರಾಮು ಜಾಸ್ತಿ, ಅದನ್ನು ಒಪ್ಪಲೇಬೇಕು. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಮರೆತರೂ ಫೇಸ್‌ಬುಕ್ ತೆರೆದಿದ್ದರೆ ಸಾಕು, ಒಂದು ಗುಂಡಿ ಒತ್ತಿ ಒಳಗೆ ಹೋಗಬಹುದು. ಹಾಕಿದ ಫೋಟೋ ಎರಡೂ ಕಡೆ ಹೋಗುವಂತೆ ಇಡಬಹುದು. ಎಲ್ಲ ಸರಿಯಿದ್ದಾಗ ಇದರಷ್ಟು ಸುಲಭ ಬೇರೆ ಇಲ್ಲ.

ಸರಿಯಿಲ್ಲದ ದಿನ ಏನಾಗುತ್ತೆ ಅನ್ನೋದು ಅತ್ತಿಗೆಯ ಮನೆಯಲ್ಲಿ ಗೊತ್ತಾಯಿತು. ಅವರ ಫೋನು ಮಳೆ ನೀರಿಗೆ ಬಿದ್ದು ಕೆಟ್ಟಿತು. ಹೊಸ ಫೋನು ತಂದರು. ಇನ್‌ಸ್ಟಾಗ್ರಾಂ ತೆರೆಯಲು ಫೇಸ್‌ಬುಕ್ ಬೇಕು, ಯಾಕೆಂದರೆ ಖಾತೆ ಮಾಡುವಾಗಲೇ ಫೇಸ್‌ಬುಕ್ ಮೂಲಕ ಮಾಡಿದ್ದು, ಅದಕ್ಕೆ ಅಂತ ಬೇರೆ ಪಾಸ್‌ವರ್ಡೇ ಇರಲಿಲ್ಲ. ಫೇಸ್‌ಬುಕ್ ಹೊಸ ಫೋನಿನಲ್ಲಿ ಕೋಡ್ ಕೇಳಿತು. ಕೋಡ್ ಹೋಗುವುದು ಹಳೇ ನಂಬರಿಗೆ. ಆ ಸಿಮ್ಮಿಗೆ ರೀಚಾರ್ಜ್ ಇಲ್ಲದೆ ಬಹಳ ತಿಂಗಳಾಗಿ, ಸಿಮ್ ಕಂಪನಿ ನಂಬರನ್ನೇ ನಿಲ್ಲಿಸಿತ್ತು. ಎರಡೂ ಖಾತೆ ಒಟ್ಟಿಗೇ ಮುಚ್ಚಿದಂತಾಯಿತು. ಮನೆಗೂ ಅಡಿಕೆ ಗೋದಾಮಿಗೂ ಒಂದೇ ಬೀಗದ ಕೈ ಇಟ್ಟುಕೊಂಡು ಅದು ಕಳೆದುಹೋದ ಹಾಗೆ.

"ಎರಡೂ ಹೋಯ್ತಾ ಮಾರಾಯ? ಆರ್ಡರ್ ಕೊಟ್ಟವರಿಗೆ ಏನು ಹೇಳೋದು?" ಅಂತ ಅತ್ತಿಗೆ ಫೋನು ಮಾಡಿದರು.

"ಅತ್ತಿಗೆ, ಮಕ್ಕಳು ಆಡುವ ಟ್ಯಾಬ್‌ನಲ್ಲಿ ಫೇಸ್‌ಬುಕ್ ಇನ್ನೂ ಇದೆಯಾ ನೋಡಿ. ಇದ್ದರೆ ಲಾಗೌಟ್ ಮಾಡಬೇಡಿ, ನಾನು ಬರ್ತೀನಿ" ಅಂದೆ.

ಇತ್ತು. ಆ ಟ್ಯಾಬೇ ಕಾಪಾಡಿದ್ದು. ಅಕೌಂಟ್ಸ್ ಸೆಂಟರ್‌ನ Personal details ಒಳಗೆ Contact info ಅಂತ ಇರುತ್ತದೆ. ಅಲ್ಲಿ ಅವರ ಇಮೇಲ್ ಸೇರಿಸಿದೆವು. ಕೋಡ್ ಇಮೇಲಿಗೆ ಬಂತು. ಇಮೇಲ್ ಸೇರಿಸುವಾಗ ಯಾವ ಖಾತೆಗೆ ಅಂತ ಕೇಳುತ್ತದೆ, ಎರಡಕ್ಕೂ ಟಿಕ್ ಹಾಕಿದೆವು. ಆಮೇಲೆ ಆ ಇಮೇಲಿನಿಂದಲೇ ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟು, ಕೊನೆಯಲ್ಲಿ ಹಳೇ ನಂಬರನ್ನು ತೆಗೆದೆವು. ಇದನ್ನೆಲ್ಲ ಹೊಸ ಫೋನಿನಲ್ಲಿ ಮಾಡಲು ಹೋಗಬೇಡಿ. ಇಂಥ ಬದಲಾವಣೆಗೆ, ಮಾಮೂಲಾಗಿ ಬಳಸುವ ಸಾಧನದಿಂದಲೇ ಬನ್ನಿ ಅಂತ ತಡೆಯುವುದುಂಟು. ಹಳೇ ಫೋನು, ಹಳೇ ಟ್ಯಾಬು, ಮನೆಯ ವೈಫೈ, ಇವೇ ಆಗ ಕೆಲಸಕ್ಕೆ ಬರುವುದು.

ಹಳೇ ನಂಬರ್ ತೆಗೆಯುವುದನ್ನು ಮಾತ್ರ ಮುಂದೂಡಬೇಡಿ. ನಮ್ಮ ದೇಶದಲ್ಲಿ ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ, ಆಮೇಲೆ ಕೊಡಬಹುದು. ಆ ನಂಬರ್ ನಿಮ್ಮ ಎರಡು ಖಾತೆಗಳಲ್ಲಿ ಇನ್ನೂ ಕೂತಿದ್ದರೆ, ಪಾಸ್‌ವರ್ಡ್ ಬದಲಿಸುವ ಕೋಡ್ ಯಾರೋ ಗೊತ್ತಿಲ್ಲದವರ ಫೋನಿಗೆ ಹೋಗುತ್ತದೆ. ಖಾತೆಗಳು ಜೋಡಿಯಾಗಿದ್ದರೆ ಒಂದು ಕೋಡಿಗೆ ಎರಡು ಖಾತೆ.

ಹಾಗಂತ ಬಿಡಿಸುವುದು ಸಲೀಸು ಅಂತಲ್ಲ. ಅದರಲ್ಲೊಂದು ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಸೆಂಟರ್‌ನಲ್ಲಿರುವಾಗ ನಂಬರು, ಇಮೇಲು ಎಲ್ಲ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ನೋಡಿದವರಿಗೆ ಎಲ್ಲವೂ ಎರಡೂ ಖಾತೆಗೆ ಸೇರಿದ್ದು ಅನಿಸುತ್ತದೆ. ಆದರೆ ಪ್ರತಿ ನಂಬರಿನ ಕೆಳಗೆ ಅದು ಯಾವ ಖಾತೆಯದು ಅಂತ ಸಣ್ಣದಾಗಿ ಬರೆದಿರುತ್ತದೆ. ನನ್ನ ಪಟ್ಟಿಯಲ್ಲಿ ಇಮೇಲ್ ಇದ್ದದ್ದು ಫೇಸ್‌ಬುಕ್‌ಗೆ ಮಾತ್ರ. ಇನ್‌ಸ್ಟಾಗ್ರಾಂಗೆ ಬರೀ ಒಂದು ಮೊಬೈಲ್ ನಂಬರ್. ಆ ಹೊತ್ತಿಗೇ ಬಿಡಿಸಿದ್ದರೆ ಇನ್‌ಸ್ಟಾಗ್ರಾಂ ಕೈಯಲ್ಲಿ ಉಳಿಯುತ್ತಿದ್ದದ್ದು ಆ ನಂಬರ್ ಒಂದೇ. ಪಾಸ್‌ವರ್ಡೂ ಇಲ್ಲ, ಇಮೇಲೂ ಇಲ್ಲ.

ಆದ್ದರಿಂದ ಬಿಡಿಸುವ ಮೊದಲೇ ಎಲ್ಲ ಸಿದ್ಧ ಮಾಡಿಕೊಳ್ಳಬೇಕು. ಮೊದಲು ಆ ಪಟ್ಟಿಯಲ್ಲಿ ಇಮೇಲನ್ನು ಇನ್‌ಸ್ಟಾಗ್ರಾಂಗೂ ಸೇರಿಸಿದೆ. ಆಮೇಲೆ Password and security ಒಳಗೆ Change password ಒತ್ತಿ, ಇನ್‌ಸ್ಟಾಗ್ರಾಂ ಖಾತೆ ಆರಿಸಿದೆ. ಅದು ಈಗಿರುವ ಪಾಸ್‌ವರ್ಡ್ ಕೇಳುತ್ತದೆ. ಇಲ್ಲದ ಪಾಸ್‌ವರ್ಡ್ ಎಲ್ಲಿಂದ ತರೋದು? ಅಲ್ಲೇ ಕೆಳಗೆ ಪಾಸ್‌ವರ್ಡ್ ಮರೆತಿದ್ದೇನೆ ಅನ್ನುವುದನ್ನು ಒತ್ತಿದರೆ ಇಮೇಲಿಗೆ ಲಿಂಕ್ ಬರುತ್ತದೆ, ಅಲ್ಲಿ ಹೊಸದು ಇಡಬಹುದು. ಇಮೇಲ್ ಸೇರಿಸುವ ಕೆಲಸ ಮೊದಲು ಆಗಬೇಕು ಅನ್ನೋದು ಇದಕ್ಕೇ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ. ಬೇರೆ ಫೋನಿನ ಬ್ರೌಸರ್‌ನಲ್ಲಿ ಇನ್‌ಸ್ಟಾಗ್ರಾಂ ತೆರೆದು, ಫೇಸ್‌ಬುಕ್ ಮೂಲಕ ಹೋಗುವ ಗುಂಡಿ ಮುಟ್ಟದೆ, ಯೂಸರ್‌ನೇಮ್ ಮತ್ತು ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿ. ಹೋಗಲು ಆಯಿತು ಅಂದರೆ ಖಾತೆ ತನ್ನ ಕಾಲ ಮೇಲೆ ನಿಂತಿದೆ ಅಂತ. ಆಗ Accounts ಪಟ್ಟಿಯಲ್ಲಿ ಅದರ ಎದುರಿಗಿರುವ Remove ಒತ್ತಬಹುದು. ಇದರಿಂದ ಖಾತೆ ಅಳಿಸಿಹೋಗುವುದಿಲ್ಲ, ಸೆಂಟರ್‌ನಿಂದ ಹೊರಗೆ ಬರುತ್ತದೆ ಅಷ್ಟೇ. ಹಿಂಬಾಲಕರು, ಫೋಟೋ, ಮೆಸೇಜು ಎಲ್ಲ ಹಾಗೇ ಇರುತ್ತವೆ.

ಬಿಡಿಸಿದ ಮೇಲೆ ಎರಡು ಖಾತೆಗೂ, ಪಾಸ್‌ವರ್ಡ್ ಜೊತೆ ಒಂದು ಕೋಡನ್ನೂ ಕೇಳುವ ಎರಡು ಹಂತದ ಲಾಗಿನ್ ಬೇರೆ ಬೇರೆಯಾಗಿ ಇಟ್ಟೆ. ಎಸ್ಸೆಮ್ಮೆಸ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಜೋರು ಮಳೆಗೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಮನೆಯ ಫೈಬರ್ ವೈಫೈ ಇನ್ವರ್ಟರ್ ಮೇಲೆ ಓಡುತ್ತಿರುತ್ತದೆ, ಇನ್‌ಸ್ಟಾಗ್ರಾಂ ತೆರೆಯಲು ಬರುತ್ತದೆ, ಆದರೆ ಕೋಡಿನ ಎಸ್ಸೆಮ್ಮೆಸ್ ಬರುವುದಿಲ್ಲ. ಗುಡ್ಡದ ಮೇಲೆ ಹತ್ತಿ ನಿಂತು ಕೋಡ್ ಹಿಡಿದು ಕೆಳಗೆ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಅಥೆಂಟಿಕೇಟರ್ ಆ್ಯಪ್‌ಗೆ ಸಿಗ್ನಲ್ಲೇ ಬೇಡ. ಒಮ್ಮೆ ಜೋಡಿಸುವಾಗ ಕೊಡುವ ಗುಟ್ಟಿನ ಕೀಲಿ ಮತ್ತು ಫೋನಿನ ಗಡಿಯಾರ, ಇವೆರಡರಿಂದ 30 ಸೆಕೆಂಡಿಗೊಂದು 6 ಅಂಕಿಯ ಕೋಡನ್ನು ಅದು ತಾನೇ ಹುಟ್ಟಿಸುತ್ತದೆ. ಕೋಡ್ ತಪ್ಪು ಅಂತ ಪದೇ ಪದೇ ಬಂದರೆ ಫೋನಿನ ಸಮಯ ಹಿಂದೆ ಮುಂದೆ ಆಗಿರಬಹುದು. ಸಮಯವನ್ನು ಆಟೋಮ್ಯಾಟಿಕ್‌ಗೆ ಹಾಕಿದರೆ ಸರಿಹೋಗುತ್ತದೆ.

ನಂಬರನ್ನೇ ನೆಚ್ಚಿಕೊಳ್ಳಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2022ರಲ್ಲಿ ನೇಪಾಳದ ಸಂಶೋಧಕರೊಬ್ಬರು ಈ ಅಕೌಂಟ್ಸ್ ಸೆಂಟರ್‌ನಲ್ಲೇ ಒಂದು ದೋಷ ಕಂಡುಹಿಡಿದರು. ಬೇರೆಯವರ ನಂಬರನ್ನು ತನ್ನ ಸೆಂಟರ್‌ಗೆ ಸೇರಿಸಲು ಹೊರಟವನು ಕೋಡನ್ನು ಎಷ್ಟು ಸಲ ಬೇಕಾದರೂ ಊಹಿಸಬಹುದಿತ್ತು, ತಡೆಯೇ ಇರಲಿಲ್ಲ. ಊಹೆ ಹೊಂದಿತು ಅಂದರೆ ನಂಬರ್ ಅವನ ಕಡೆ ಹೋಗಿ, ಅಸಲಿ ಮಾಲೀಕರ ಎಸ್ಸೆಮ್ಮೆಸ್ ಭದ್ರತೆ ಕಳಚಿಹೋಗುತ್ತಿತ್ತು. ಮೆಟಾ ಅದನ್ನು ಸರಿಪಡಿಸಿ ಅವರಿಗೆ 27,200 ಡಾಲರ್ ಬಹುಮಾನ ಕೊಟ್ಟಿತು. ದೋಷ ಈಗಿಲ್ಲ. ಆದರೆ ನಂಬರ್ ಅನ್ನೋದು ಕೈಬದಲಾಗುವ ವಸ್ತು ಅಂತ ನನಗೆ ಮನದಟ್ಟಾದದ್ದು ಅದನ್ನು ಓದಿದಾಗ.

ನಡುವಿನ ದಾರಿ, ಅಂದರೆ ಜೋಡಣೆ ಇಟ್ಟು ಲಾಗಿನ್ ಮಾತ್ರ ಆಫ್ ಮಾಡುವುದು, Connected experiences ಒಳಗಿನ Logging in with accounts ಅನ್ನುವಲ್ಲಿ ಸಿಗುತ್ತದೆ. ಅದನ್ನೂ ಸ್ವಲ್ಪ ಕಾಲ ನೋಡಿದೆ. ಲಾಗಿನ್ ಬೇರೆಯಾಗುತ್ತದೆ ನಿಜ. ಆದರೆ ಸೆಂಟರ್ ಒಂದೇ ಆಗಿರುವುದರಿಂದ ಒಂದು ಖಾತೆಗೆ ನಿಯಮ ಮುರಿದ ಆರೋಪ ಬಂದು ನಿಲ್ಲಿಸಿದರೆ ಇನ್ನೊಂದೂ ನಿಲ್ಲುವ ಅಪಾಯ ಉಳಿಯುತ್ತದೆ. ಕಳ್ಳರು ಇದನ್ನೇ ಬಳಸುತ್ತಾರೆ. ಫೇಸ್‌ಬುಕ್‌ಗೆ ನುಗ್ಗಿ, ಕೆಟ್ಟ ವಿಷಯ ಹಾಕಿದ ತಮ್ಮದೊಂದು ಇನ್‌ಸ್ಟಾಗ್ರಾಂ ಖಾತೆಯನ್ನು ನಿಮ್ಮ ಸೆಂಟರ್‌ಗೆ ಸೇರಿಸುತ್ತಾರೆ. ಅದು ನಿಂತಾಗ ನಿಮ್ಮದೂ ನಿಲ್ಲಬಹುದು. ನೀವು ಯಾವ ದಾರಿ ಹಿಡಿದರೂ Accounts ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಇದೆಯಾ ಅಂತ ಆಗಾಗ ನೋಡುತ್ತಿರಿ.

ಬಿಡಿಸಿದ್ದರಿಂದ ನನಗೆ ಆದ ನಷ್ಟ ಒಂದೇ, ಇನ್‌ಸ್ಟಾಗ್ರಾಂ ಸ್ಟೋರಿ ತಾನಾಗೇ ನನ್ನ ಫೇಸ್‌ಬುಕ್ ಪ್ರೊಫೈಲಿಗೆ ಹೋಗುವುದು ನಿಂತಿತು. ಅಂಗಡಿಯ ಫೇಸ್‌ಬುಕ್ ಪೇಜ್‌ಗೂ ಇನ್‌ಸ್ಟಾಗ್ರಾಂಗೂ ಇರುವ ನಂಟು ಬೇರೆಯದೇ, ಅದು ಪೇಜಿನ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಈಗ ಮಾರಾಟದ ಪೋಸ್ಟನ್ನು, ಪೇಜ್ ನೋಡಿಕೊಳ್ಳಲು ಮೆಟಾದವರೇ ಕೊಡುವ ಬಿಸಿನೆಸ್ ಸೂಟ್ ಆ್ಯಪ್‌ನಿಂದ ಎರಡೂ ಕಡೆಗೆ ಹಾಕುತ್ತೇನೆ.

ಖರ್ಚಿನ ವಿಷಯಕ್ಕೆ ಬಂದರೆ, ವ್ಯಾಪಾರಕ್ಕೆ ಅಂತ ಎರಡನೇ ಸಿಮ್ ಇಟ್ಟು ತಿಂಗಳು ತಿಂಗಳು ರೀಚಾರ್ಜ್ ಮಾಡಲು ನನಗೆ ಮನಸ್ಸಿಲ್ಲ. ಒಂದು ಇಮೇಲು, ಅಥೆಂಟಿಕೇಟರ್ ಆ್ಯಪು, ಆ ಆ್ಯಪ್ ಕೈಯಲ್ಲಿಲ್ಲದಾಗ ಬಳಸಲು ಖಾತೆಯಲ್ಲೇ ಸಿಗುವ, ಕಾಗದದಲ್ಲಿ ಬರೆದಿಟ್ಟ ಬ್ಯಾಕಪ್ ಕೋಡುಗಳು. ಮೂರಕ್ಕೂ ದುಡ್ಡಿಲ್ಲ. ಒಮ್ಮೆ ಬಳಸಿದ ಕೋಡ್ ಮತ್ತೆ ನಡೆಯುವುದಿಲ್ಲವಾದ್ದರಿಂದ, ಬಳಸಿದ್ದನ್ನು ಹೊಡೆದುಹಾಕಿ ಇಡುತ್ತೇನೆ. ನೀವು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ಸುಮ್ನೆ ನೋಡಲು ಇಟ್ಟುಕೊಂಡವರಾದರೆ, ಪಾಸ್‌ವರ್ಡ್ ಮರೆಯುವ ಅಭ್ಯಾಸವೂ ಇದ್ದರೆ, ಜೋಡಿಸಿಯೇ ಇಡಿ, ಆದರೆ ಎರಡಕ್ಕೂ ಇಮೇಲ್ ಸೇರಿಸಿರಿ. ಅತ್ತಿಗೆ ಆ ದಿನ ಸಂಜೆಯೇ ಬಿಡಿಸಿಕೊಂಡರು. ಮಾವನವರದು ಇನ್ನೂ ಜೋಡಿಯಾಗೇ ಇದೆ, ಅವರು ಹಾಕುವುದು ತೋಟದ ಫೋಟೋ ಮಾತ್ರ, ಅವರಿಗೆ ಅದೇ ಅನುಕೂಲ.