ಸ್ಕ್ರೀನ್‌ಶಾಟಿನಲ್ಲಿರುವ ಆ ವಿದೇಶಿ ನಂಬರಿಗೆ ವಾಪಸ್ ಫೋನ್ ಮಾಡಬೇಡಿ

ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಬಂದು ಬೀಳುತ್ತದೆ. ರಾತ್ರಿ 2:14ಕ್ಕೆ ಎರಡು ಮಿಸ್ಡ್ ಕಾಲ್, 2:16ಕ್ಕೆ ಇನ್ನೊಂದು. ಮೂರೂ +269ರಿಂದ ಶುರುವಾಗುವ ನಂಬರುಗಳು. ಕೆಳಗೆ ಒಂದು ಸಾಲು: "ಇದು ಯಾರ ನಂಬರು, ಯಾರಿಗಾದರೂ ಗೊತ್ತಾ?" ಕಳಿಸಿದವರು ವಾಪಸ್ ಫೋನ್ ಮಾಡಿರುವುದಿಲ್ಲ. ಆದರೆ "ತಡೀರಿ, ನಾನು ನೋಡ್ತೀನಿ" ಎಂದು ಗ್ರೂಪಿನಲ್ಲಿ ಇನ್ಯಾರೋ ಡಯಲ್ ಮಾಡುತ್ತಾರೆ. ದುಡ್ಡು ಹೋಗುವುದು ಈ ಉಪಕಾರಿಯದು. ಮಿಸ್ಡ್ ಕಾಲ್ ಯಾರಿಗೆ ಬಂತು ಎಂಬುದು ಮೋಸಗಾರರಿಗೆ ಬೇಕಿಲ್ಲ, ಆ ನಂಬರಿಗೆ ಯಾರು ಫೋನ್ ಮಾಡಿದರೂ ಅವರಿಗೆ ಲಾಭವೇ.

ಈ ಮೋಸಕ್ಕೆ ವಾನ್‌ಗಿರಿ ಎಂದು ಹೆಸರು. ಜಪಾನಿನಿಂದ ಬಂದ ಮಾತು; ಒಂದು ರಿಂಗ್ ಆದೊಡನೆ ಕಟ್ ಮಾಡುವುದು ಎಂದರ್ಥ. ಕಂಪ್ಯೂಟರ್ ಒಂದೇ ಸಮನೆ ಸಾವಿರಾರು ನಂಬರುಗಳಿಗೆ ಡಯಲ್ ಮಾಡಿ, ಯಾರಾದರೂ ಎತ್ತುವ ಮೊದಲೇ ಕಟ್ ಮಾಡುತ್ತದೆ. ಎತ್ತದ ಕರೆಗೆ ಸಾಮಾನ್ಯವಾಗಿ ಬಿಲ್ ಆಗುವುದಿಲ್ಲ, ಹಾಗಾಗಿ ಅವರಿಗೆ ಖರ್ಚು ಇಲ್ಲವೆಂದೇ ಹೇಳಬಹುದು. ನೀವು ವಾಪಸ್ ಮಾಡಿದಿರೋ, ಅದು ನಿಮ್ಮ ಖರ್ಚಿನ ಅಂತರರಾಷ್ಟ್ರೀಯ ಕರೆ. ಕೆಲವು ನಂಬರು ಸರಣಿಗಳಿಗೆ ಕರೆ ತಲುಪಿಸಲು ನಿಮಿಷಕ್ಕೆ ದುಬಾರಿ ದರವಿರುತ್ತದೆ. ಆ ಸರಣಿಯನ್ನು ಬಾಡಿಗೆಗೆ ಹಿಡಿದವರಿಗೆ ಆ ದುಡ್ಡಿನಲ್ಲಿ ಪಾಲು ಸಿಗುತ್ತದೆ. +269 ಕೊಮೊರೋಸ್ ದ್ವೀಪಗಳ ಕೋಡ್ ನಿಜ, ಹಾಗೆಂದು ಅಲ್ಲಿನವರ್ಯಾರೋ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದಲ್ಲ. ನಿಮ್ಮ ಕರೆ ಆ ದೇಶವನ್ನು ಮುಟ್ಟದೆ ನಡುದಾರಿಯಲ್ಲೇ ಯಾವುದೋ ಯಂತ್ರಕ್ಕೆ ತಿರುಗಿರಲೂಬಹುದು.

ಈಗ ಆ ಸ್ಕ್ರೀನ್‌ಶಾಟನ್ನೇ ಇನ್ನೊಮ್ಮೆ ನೋಡಿ. ಮೂರು ನಂಬರುಗಳೂ ಕೊನೆಯ ಎರಡು ಅಂಕಿ ಬಿಟ್ಟರೆ ಒಂದೇ: 41, 43, 47. ಬೇರೆ ಬೇರೆ ಮನುಷ್ಯರು ಎರಡು ನಿಮಿಷದೊಳಗೆ ಅಕ್ಕಪಕ್ಕದ ನಂಬರುಗಳಿಂದ ಫೋನ್ ಮಾಡುವುದಿಲ್ಲ. ಒಂದೇ ಸರಣಿಯಿಂದ ಯಂತ್ರ ಮಾಡುತ್ತದೆ. ಕೆಲವು ಫೋನ್‌ಗಳಲ್ಲಿ ಆ ಕರೆಯ ವಿವರ ತೆರೆದರೆ ಎಷ್ಟು ಸೆಕೆಂಡ್ ರಿಂಗ್ ಆಯಿತೆಂದೂ ಕಾಣುತ್ತದೆ. ಒಂದೋ ಎರಡೋ ಸೆಕೆಂಡ್ ಎಂದಿದ್ದರೆ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ನಿಜವಾಗಿ ಕೆಲಸವಿದ್ದವರು ಅಷ್ಟಕ್ಕೇ ಬಿಡುವುದಿಲ್ಲ, ಒಂದು ಮೆಸೇಜಾದರೂ ಹಾಕುತ್ತಾರೆ. ಒಂದು ಕೋಡಿನ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು: +1 ಕಂಡೊಡನೆ ಅಮೆರಿಕ ಎಂದುಕೊಳ್ಳಬೇಡಿ. +1 876 ಜಮೈಕಾ, +1 473 ಗ್ರೆನಡಾ.

ವಾಪಸ್ ಮಾಡಿದವರು ಆಮೇಲೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಯಾರೂ ಎತ್ತಲೇ ಇಲ್ಲ, ಬರೀ ರಿಂಗ್ ಆಗ್ತಾ ಇತ್ತು, ಆದರೂ ದುಡ್ಡು ಹೋಯ್ತು." ಕೈಚಳಕ ಇರುವುದೇ ಇಲ್ಲಿ. ಆ ಕಡೆಯ ಯಂತ್ರ ಕರೆಯನ್ನು ತಕ್ಷಣ ಎತ್ತಿಬಿಟ್ಟು, ರೆಕಾರ್ಡ್ ಮಾಡಿಟ್ಟ ರಿಂಗಿನ ಸದ್ದನ್ನೇ ನಿಮಗೆ ಕೇಳಿಸುತ್ತದೆ. ಇನ್ನೂ ಎತ್ತಿಲ್ಲ ಎಂದುಕೊಂಡು ನೀವು ಕಾಯುತ್ತೀರಿ, ಮೀಟರ್ ಓಡುತ್ತಿರುತ್ತದೆ. ಇದನ್ನು ಹಿಡಿಯುವ ಗುರುತು ಪರದೆಯ ಮೇಲಿದೆ. ಕರೆ ಕೂಡಿಕೊಂಡ ಮೇಲಷ್ಟೇ ಅಲ್ಲಿ 00:01, 00:02 ಎಂದು ಸೆಕೆಂಡುಗಳ ಎಣಿಕೆ ಶುರುವಾಗಬೇಕು. ಕಿವಿಯಲ್ಲಿ ಇನ್ನೂ ರಿಂಗ್ ಕೇಳುತ್ತಿರುವಾಗಲೇ ಎಣಿಕೆ ಓಡುತ್ತಿದ್ದರೆ ತಕ್ಷಣ ಕಟ್ ಮಾಡಿ. ಕೆಲವೊಮ್ಮೆ ರಿಂಗಿನ ಬದಲು ಸಂಗೀತವೋ, ಅರ್ಥವಾಗದ ಭಾಷೆಯ ಮಾತೋ ಇರುತ್ತದೆ. ಉದ್ದೇಶ ಒಂದೇ, ನಿಮ್ಮನ್ನು ಇನ್ನೊಂದು ನಿಮಿಷ ಲೈನಿನಲ್ಲಿ ಹಿಡಿದಿಡುವುದು. "ಅನ್‌ಲಿಮಿಟೆಡ್" ಪ್ಲಾನ್ ಇದೆಯಲ್ಲ ಎಂಬ ಧೈರ್ಯ ಬೇಡ. ಅದು ಸಾಮಾನ್ಯವಾಗಿ ದೇಶದೊಳಗಿನ ಕರೆಗಳಿಗಷ್ಟೇ.

ಇದರ ಜೊತೆಗೆ ಓಡಾಡುವ ಇನ್ನೊಂದು ಫಾರ್ವರ್ಡ್ ಇದೆ: ವಾಪಸ್ ಫೋನ್ ಮಾಡಿದರೆ ಮೂರೇ ಸೆಕೆಂಡಿನಲ್ಲಿ ನಿಮ್ಮ ಕಾಂಟ್ಯಾಕ್ಟ್, ಬ್ಯಾಂಕ್ ವಿವರ ಎಲ್ಲ ಕದಿಯುತ್ತಾರೆ ಎಂದು. ಸುಳ್ಳು. ಬರೀ ಧ್ವನಿ ಕರೆಯಿಂದ ಹಾಗಾಗುವುದಿಲ್ಲ. ಮಿಸ್ಡ್ ಕಾಲ್ ಬಂದದ್ದರಿಂದಲೂ ದುಡ್ಡು ಹೋಗುವುದಿಲ್ಲ. ವಾಟ್ಸ್ಯಾಪಿನಲ್ಲೇ ಬಂದ ವಿದೇಶಿ ಮಿಸ್ಡ್ ಕಾಲ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿಂದಲೇ ವಾಪಸ್ ಮಾಡಿದರೆ ಖರ್ಚಾಗುವುದು ಡೇಟಾ. ಅಲ್ಲಿ ನಡೆಯುವ ಮೋಸಗಳ ಬಗೆ ಬೇರೆ.

ಬ್ಲಾಕ್ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ, ನಾಳೆ ಬೇರೆ ನಂಬರಿನಿಂದ ಬರುತ್ತದೆ. ವಿದೇಶಕ್ಕೆ ಫೋನ್ ಮಾಡುವ ಅಗತ್ಯವೇ ಇಲ್ಲದವರು ಹೊರಹೋಗುವ ಅಂತರರಾಷ್ಟ್ರೀಯ ಕರೆಗಳನ್ನೇ ನಿಲ್ಲಿಸಿಕೊಳ್ಳುವುದು ಮೇಲು. ಕಂಪನಿಯ ಸಹಾಯವಾಣಿಗೆ ಹೇಳಿದರೆ ಸಾಕು. ಹಲವು ಜಿಎಸ್‌ಎಂ ನೆಟ್‌ವರ್ಕ್‌ಗಳಲ್ಲಿ ಆ ತಡೆ ಈಗ ಜಾರಿಯಲ್ಲಿದೆಯೇ ಎಂದು ಹೀಗೆ ಡಯಲ್ ಮಾಡಿ ನೋಡಬಹುದು:

```
*#331#
```

ಫೋನಿನಿಂದಲೇ ಅದನ್ನು ಜಾರಿ ಮಾಡಲು ಬಾರಿಂಗ್ ಪಾಸ್‌ವರ್ಡ್, ಅಂದರೆ ಕರೆ ತಡೆಯುವ ಸೌಲಭ್ಯದ ಪಾಸ್‌ವರ್ಡ್ ಬೇಕು. ಊಹಿಸಿ ಹಾಕಲು ಹೋಗಬೇಡಿ, ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಹಾಕಿದರೆ ಆ ಸೌಲಭ್ಯವೇ ಲಾಕ್ ಆಗುತ್ತದೆ.

ಈಗಾಗಲೇ ವಾಪಸ್ ಮಾಡಿಬಿಟ್ಟಿದ್ದರೆ ಕಾಲ್ ಲಾಗ್ ಅಳಿಸಬೇಡಿ. ನಂಬರು, ಸಮಯ, ಎಷ್ಟು ಸೆಕೆಂಡ್ ಎಂಬುದು ಕಾಣುವಂತೆ ಚಿತ್ರ ತೆಗೆದಿಟ್ಟು, ಅಂದೇ ನಿಮ್ಮ ಕಂಪನಿಗೆ ಬರಹದಲ್ಲಿ ದೂರು ಕೊಡಿ. ದುಡ್ಡು ವಾಪಸ್ ಬರುತ್ತದೆಂಬ ಖಾತರಿ ಇಲ್ಲ, ಆದರೂ ತಡಮಾಡಿದಷ್ಟೂ ಕಷ್ಟ. ಆ ಸ್ಕ್ರೀನ್‌ಶಾಟನ್ನು ಎಚ್ಚರಿಕೆಗೆಂದು ಹಂಚುವುದಾದರೆ ನಂಬರಿನ ಕೊನೆಯ ಅಂಕಿಗಳನ್ನು ಮಸಿ ಬಳಿದು ಮುಚ್ಚಿ. ಈಗಿನ ಎಷ್ಟೋ ಫೋನ್‌ಗಳು ಚಿತ್ರದೊಳಗಿನ ನಂಬರನ್ನೂ ಓದಿಕೊಳ್ಳುತ್ತವೆ, ಒಂದು ಬೆರಳು ತಗುಲಿದರೆ ಡಯಲ್ ಮಾಡಲು ಸಿದ್ಧವಾಗಿ ನಿಲ್ಲುತ್ತವೆ.